ಬಸುವಿನ ಹಲಗೆಯಲ್ಲಿ ಅಪ್ಪನ ಜಾಗ

ಕೆ.ಆರ್. ಪುರದ ಆ ಗಲ್ಲಿಯಲ್ಲಿ ಜಟ್ಟೆಮ್ಮನ ಬಾಯಿಗೆ ಹೆದರದವರಿರಲಿಲ್ಲ. ನೀರಿನ ಟ್ಯಾಂಕರಿನವನು ಪೈಪು ಬೇಗ ಎಳೆದುಕೊಂಡರೆ ಅವನ ಏಳು ತಲೆಮಾರಿನ ಜನ್ಮ ಜಾಲಾಡಿ ಬಿಡುತ್ತಿದ್ದಳು. ಅವಳ ಜೋಳದ ರೊಟ್ಟಿಗೂ ಅಷ್ಟೇ ಹೆಸರು. ಯಾದಗಿರಿ ಕಡೆಯಿಂದ ಗಂಡನ ಹಿಂದೆ ಬಂದವಳು, ಶೀಟಿನ ಮನೆಗಳ ಆ ಸಾಲಿನಲ್ಲಿ ಒಂದು ಕೋಣೆ ಹಿಡಿದು, ಮಹದೇವಪುರದ ಖಾನಾವಳಿಗೆ ದಿನಾ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಸಂಜೆ ಅವಳು ಅಗಲ ತಟ್ಟೆಯಂಥ ಪರಾತದಲ್ಲಿ ರೊಟ್ಟಿ ತಟ್ಟಲು ಕೂತರೆ ಸಾಲಿನ ಕೊನೆಯ ಮನೆಯವರೆಗೂ ಆ ಸದ್ದು ಕೇಳಿಸುತ್ತಿತ್ತು, ಅದರ ಮೇಲೆ ಅವಳ ಮಾತೂ ಕೇಳಿಸುತ್ತಿತ್ತು.

ಅಂಥ ಬಾಯಿಯವಳ ಹೊಟ್ಟೆಯಲ್ಲಿ ಹುಟ್ಟಿದವನು ಬಸು, ಮಾತೇ ಬಾರದ ಮಗ. ದೇವರಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ಕೇಳಬೇಕು. ಹುಟ್ಟುವಾಗ ಉಸಿರು ತಡವಾಗಿ ಮಿದುಳಿಗೆ ಪೆಟ್ಟಾಗಿತ್ತು. ಕಾಲುಗಳು ಬಿಗಿ, ಬಲಗೈ ಎದೆಗೆ ಮಡಚಿಕೊಂಡೇ ಇರುತ್ತಿತ್ತು, ಎಡಗೈ ಮಾತ್ರ ಅವನು ಕಳಿಸಿದ ಕಡೆ ಹೋಗುತ್ತಿತ್ತು, ಅದೂ ತಡವಾಗಿ, ಅಲ್ಲಿ ಇಲ್ಲಿ ಅಲೆದು. ಕಿವಿ ಮಾತ್ರ ಚುರುಕು. ಗಲ್ಲಿಯ ತುದಿಯಲ್ಲಿ ಯಾರ ಗಾಡಿ ನಿಂತಿತೆಂದು ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದ. ಅವನಿಗೆ ಎಲ್ಲ ತಿಳಿಯುತ್ತದೆ ಎಂದು ಜಟ್ಟೆಮ್ಮ ಕಂಡಕಂಡವರ ಹತ್ತಿರ ವಾದ ಮಾಡುತ್ತಿದ್ದಳು. "ಹೆತ್ತಾಕಿಗಿ ಗೊತ್ತಾಗಂಗಿಲ್ಲೇನು? ಅವಾ ಕಣ್ಣು ಹೊಳ್ಳಿಸಿದ್ರ ಸಾಕು, ನನಗ ತಿಳೀತದ" ಎನ್ನುತ್ತಿದ್ದಳು.

ಗಂಡ ಭಗವಂತರಾಯ ಗೌಂಡಿ. ಗೋಡೆ ಕಟ್ಟುವ, ಪ್ಲಾಸ್ಟರ್ ಮಾಡುವ ಕೆಲಸ. ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನದನ್ನೂ ಹೆಂಡತಿಯೇ ಆಡುತ್ತಿದ್ದುದರಿಂದ ಅವನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಬೆನ್ಸನ್ ಟೌನಿನ ಹಳೆಯ ಬಂಗಲೆಯೊಂದರ ಹಿಂಭಾಗದಲ್ಲಿ ಇಂಥ ಮಕ್ಕಳಿಗೊಂದು ಕೇಂದ್ರವಿದೆ ಎಂದು ಅಂಗನವಾಡಿಯವರು ಹೇಳಿದಾಗ ಮೂವರೂ ಹೋದರು. ಶಿವಾಜಿನಗರದ ಬಸ್ಸು ಹತ್ತಿ, ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಬೆವರಿ, ಹಲಸೂರು ದಾಟಿ, ಇಳಿದು ಆಟೋ ಹಿಡಿದು. ಅಲ್ಲಿ ಮಾತಿನ ಥೆರಪಿ ಮಾಡುವವಳು ನಾಜಿಶ್ ಎಂಬ ಹುಡುಗಿ. ಶಿವಾಜಿನಗರದಲ್ಲಿ ಪಾತ್ರೆ ವ್ಯಾಪಾರದ ಮನೆಯವಳು. ಮನೆಯಲ್ಲಿ ದಖನಿ ಉರ್ದು, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷು. ಮಗನಿಗೆ ಮಾತು ಬರಿಸಿಕೊಡುತ್ತಾಳೆ ಎಂದು ಜಟ್ಟೆಮ್ಮ ಆಸೆಯಿಂದ ಕೂತಿದ್ದರೆ ಆ ಹುಡುಗಿ ತೆಗೆದಿಟ್ಟದ್ದು ಚಿತ್ರಗಳನ್ನು.

ಜಟ್ಟೆಮ್ಮನಿಗೆ ಮೈಯೆಲ್ಲ ಉರಿಯಿತು. "ಮೇಡಮ್‌ರಿ, ಚಿತ್ರ ತೋರ್ಸಿ ರೂಢಿ ಆದ್ರ ಅವಾ ಮುಂದ ಬಾಯೇ ಬಿಡಂಗಿಲ್ಲ. ಮೈಗಳ್ಳ ಆಗ್ತಾನ."

"ಎಲ್ಲಾ ಅಮ್ಮಂದಿರೂ ಇದನ್ನೇ ಕೇಳ್ತಾರೆ ಅಕ್ಕ" ಎಂದು ನಾಜಿಶ್ ನಕ್ಕಳು. "ಬರೋ ಮಾತನ್ನ ಚಿತ್ರ ತಡೆಯಲ್ಲ. ಕೆಲವು ಮಕ್ಕಳಿಗೆ ಇನ್ನೂ ಸ್ವಲ್ಪ ಸಹಾಯಾನೇ ಆಗುತ್ತೆ. ಬಸುಗೆ ಬಾಯಲ್ಲಿ ಮಾತು ಬರುತ್ತೋ ಇಲ್ವೋ ನಾನು ಹೇಳೋಕಾಗಲ್ಲ. ಅಲ್ಲೀತನಕ ಅವನು ಸುಮ್ನೆ ಕೂತಿರ್ಬೇಕಾ, ಹೇಳಿ?"

ಉತ್ತರ ಕೊಟ್ಟವನು ಭಗವಂತರಾಯ. "ಮಾಡಿ ಕೊಡ್ರಿ" ಎಂದ. ಅಷ್ಟೇ.

ಹೀಗೆ ಚಿತ್ರದ ಹಲಗೆ ಮನೆಗೆ ಬಂತು. ದಪ್ಪ ರಟ್ಟು, ಅದರ ಮೇಲೆ ಚರ್ರನೆ ಕೀಳುವ ವೆಲ್ಕ್ರೋ ಪಟ್ಟಿ, ಪಟ್ಟಿಗೆ ಅಂಟುವ ಲ್ಯಾಮಿನೇಟ್ ಮಾಡಿದ ಚಿತ್ರಗಳು. ಬಸುವಿನ ಕೈ ಅಲೆದಾಡುವುದರಿಂದ ಒಂದೊಂದು ಚಿತ್ರವೂ ಅಂಗೈಯಗಲ, ನಡುವೆ ಸಾಕಷ್ಟು ಜಾಗ. ಅಪ್ಪ, ಅವ್ವ, ಇವು ಅವರವೇ ಫೋಟೋ. ಮಿಕ್ಕವು ಬರೆದ ಚಿತ್ರಗಳು: ಬಾ, ಬೇಕು, ಬ್ಯಾಡ, ಇನ್ನೂ, ಸಾಕು, ಎಲ್ಲಿ, ಇಲ್ಲ, ನೋವು. ಕೆಳಗೆ ನೀರು, ರೊಟ್ಟಿ, ಹೊರಗ. ಮೊದಲು ಅಮ್ಮ, ಬೇಡ ಎಂದು ಬರೆದಿದ್ದನ್ನು ನಾಜಿಶ್ ತಾನೇ ಅವ್ವ, ಬ್ಯಾಡ ಎಂದು ತಿದ್ದಿಕೊಟ್ಟಳು. ಮನೆಯಲ್ಲಿ ಕಿವಿಗೆ ಬೀಳುವ ಮಾತೇ ಹಲಗೆಯ ಮೇಲೂ ಇರಬೇಕಂತೆ. ಬರೀ ತಿನ್ನುವ ಸಾಮಾನು ಹಾಕಿದರೆ ಸಾಲದು, ಬ್ಯಾಡ ಅನ್ನಲಿಕ್ಕೆ ಬಾರದವನು ಮನುಷ್ಯನ ಹಾಗೆ ಬದುಕುವುದು ಹೇಗೆ ಎಂದಳು. ಅಪ್ಪನ ಫೋಟೋವನ್ನು ಎಡಗೈಗೆ ಎಲ್ಲಕ್ಕಿಂತ ಹತ್ತಿರದ ಮೂಲೆಯಲ್ಲಿ ಅಂಟಿಸಿದ್ದು ಭಗವಂತರಾಯನೇ. ಜಟ್ಟೆಮ್ಮ ಅದಕ್ಕೂ ಒಂದು ಮಾತು ಅಂದಳು ಅನ್ನಿ.

ಮೊದಮೊದಲು ಜಟ್ಟೆಮ್ಮ ಮಾಡಿದ್ದೆಲ್ಲ ಉಲ್ಟಾ. ಹಲಗೆ ಹಾಳಾದೀತೆಂದು ಅಟ್ಟದ ಮೇಲಿಟ್ಟಳು. ಬಿಡುವಾದಾಗ ಇಳಿಸಿ, "ರೊಟ್ಟಿ ಎಲ್ಲದ? ತೋರ್ಸು. ನೀರು ಎಲ್ಲದ? ತೋರ್ಸಲೇ" ಎಂದು ಸಾಲಿ ಮಾಸ್ತರನ ಹಾಗೆ ಕೇಳಿದಳು. ಬಸು ಮುಖ ತಿರುಗಿಸಿದ. ಎರಡನೆಯ ಭೇಟಿಯಲ್ಲಿ ನಾಜಿಶ್ ತಲೆ ಚಚ್ಚಿಕೊಂಡಳು.

"ಅಕ್ಕ, ಪರೀಕ್ಷೆ ಮಾಡ್ಬೇಡಿ! ನೀವು ಮಗು ಇದ್ದಾಗ ನಿಮ್ಮವ್ವ ಪರೀಕ್ಷೆ ಮಾಡಿ ಮಾತು ಕಲಿಸಿದ್ರಾ? ಅವರು ಮಾತಾಡ್ತಾ ಇದ್ರು, ನೀವು ಕೇಳಿಸ್ಕೊಂಡ್ರಿ. ಹಂಗೇ ಇದು. ನೀವೇ ಮಾತಾಡ್ತಾ ಮಾತಾಡ್ತಾ ಚಿತ್ರ ಮುಟ್ತಾ ಹೋಗಿ. ರೊಟ್ಟಿ ಬೇಕಾ ಅಂದ್ರೆ, ರೊಟ್ಟಿ ಮುಟ್ಟಿ, ಬೇಕು ಮುಟ್ಟಿ. ಅವನು ಮುಟ್ಟಲೇಬೇಕು ಅಂತ ಕೈ ಹಿಡಿದು ಎಳೀಬೇಡಿ. ಆಮೇಲೆ ಸುಮ್ನಿರಿ. ಕಾಯಿರಿ."

"ಎಷ್ಟೊತ್ತು ಕಾಯೋದ್ರಿ?"

"ನಿಮಗೆ ಸಾಕಪ್ಪಾ ಅನ್ಸುತ್ತಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಹಲಗೆ ಮಾತ್ರ ಯಾವಾಗ್ಲೂ ಅವನ ಕೈಗೆ ಸಿಗೋ ಹಂಗಿರ್ಲಿ. ನಿಮ್ ಬಾಯನ್ನ ಯಾರಾದ್ರೂ ಅಟ್ಟದ ಮೇಲೆ ಇಟ್ರೆ ಸುಮ್ನಿರ್ತೀರಾ?"

ಜಟ್ಟೆಮ್ಮನಿಗೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಭಗವಂತರಾಯನಿಗೆ ಅದು ಹುಟ್ಟಿನಿಂದ ಬಂದದ್ದು. ಸಂಜೆ ಕೆಲಸದವರ ಟೆಂಪೋ ಗಲ್ಲಿಯ ಬಾಯಿಗೆ ಬಿಟ್ಟು ಹೋದ ಮೇಲೆ, ಕೈಕಾಲಿನ ಸಿಮೆಂಟು ತೊಳೆದು ಬಂದು ಮಗನ ಎದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. "ಅಪ್ಪ ಬಂದಾನ" ಎಂದು ಅಪ್ಪನನ್ನೂ ಬಾ ಎಂಬುದನ್ನೂ ಮುಟ್ಟುತ್ತಿದ್ದ. ಆಮೇಲೆ ಸುಮ್ಮನೆ ಮಗನ ಮುಖ ನೋಡುತ್ತ ಕೂತಿರುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ಜಟ್ಟೆಮ್ಮನಿಗೆ ತಡೆಯಲಾಗದೆ, "ಇಬ್ಬರೂ ಮಠದ ಸ್ವಾಮಿಗಳಂಗ ಕುಂತಾರ ನೋಡು!" ಎಂದು ರೇಗಿಸುತ್ತಿದ್ದಳು.

ಹಾಗೆ ಎಷ್ಟೋ ಸಂಜೆ ಕೂತ ಮೇಲೆ ಒಂದು ದಿನ ಟೆಂಪೋ ಸದ್ದು ಕೇಳಿದ್ದೇ ತಡ, ಬಸುವಿನ ಎಡಗೈ ಮೇಲೆದ್ದಿತು. ಗಾಳಿಯಲ್ಲಿ ಅಲೆದು, ತಪ್ಪಿ ನೀರಿನ ಮೇಲೆ ಬಿದ್ದು, ಮತ್ತೆ ಎದ್ದು, ಅಪ್ಪನ ಮುಖದ ಮೇಲೆ ಕೂತಿತು. ಆಮೇಲೆ ಬಾ. ಬಾಗಿಲಲ್ಲಿ ಭಗವಂತರಾಯ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. "ಏನಲೇ ಮಗನ, ಕರದ್ಯಾ? ನನ್ನ ಕರದ್ಯಾ?" ಎಂದವನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟ. ಜಟ್ಟೆಮ್ಮನೂ ಅತ್ತಳು. ಒಳಗೊಳಗೆ ಹೊಟ್ಟೆಕಿಚ್ಚೂ ಆಯಿತು. ಹೊತ್ತು ಹೆತ್ತು ಬೆಳೆಸಿದವಳು ನಾನು, ಇವನು ಕರೆದದ್ದು ಮಾತ್ರ ಅವರಪ್ಪನನ್ನು! ಇದನ್ನು ಗಲ್ಲಿಯ ಎಲ್ಲರಿಗೂ ಹೇಳಿಕೊಂಡು ಬಂದಳು, ಬೈದ ಹಾಗೆ, ಹೆಮ್ಮೆಯಿಂದ.

ಆಮೇಲೆ ದಿನಾ ಸಂಜೆ ಅದೇ ಆಟ. ಅಪ್ಪ, ಬಾ. ಅಪ್ಪ, ಹೊರಗ. ಭಗವಂತರಾಯ ಮಗನನ್ನು ಹೆಗಲ ಮೇಲೆ ಕೂರಿಸಿ, ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಚಹಾದಂಗಡಿಗೆ ಹೋಗುತ್ತಿದ್ದ. ಕೇಂದ್ರದಲ್ಲಿ ನಾಜಿಶ್ ಬಸುವಿನ ಮುಂದೆ ಟ್ಯಾಬ್ ಇಡತೊಡಗಿದಳು. ಚಿತ್ರ ಮುಟ್ಟಿದರೆ ಅದೇ ಮಾತಾಡುತ್ತಿತ್ತು. ಹಲಗೆಯಲ್ಲಿ ಯಾವ ಚಿತ್ರ ಎಲ್ಲಿತ್ತೋ ಟ್ಯಾಬಿನಲ್ಲೂ ಅಲ್ಲೇ. ಅದರ ದನಿ ಕೇಳಿ ಭಗವಂತರಾಯನಿಗೆ ನಗು ತಡೆಯಲಿಲ್ಲ. "ನಮ್ಮ ಬಸು ಟೀವ್ಯಾಗ ಸುದ್ದಿ ಓದೋರಂಗ ಮಾತಾಡ್ತಾನಲ್ರೀ!" ಟ್ಯಾಬ್ ಮನೆಗೆ ಸಿಗಲು ಕಾಯಬೇಕಿತ್ತು. ಸಿಕ್ಕ ಮೇಲೂ ಹಲಗೆ ಬಿಡಬಾರದು, ಚಾರ್ಜು ಹೋದಾಗ, ಸ್ನಾನದ ಹೊತ್ತಿನಲ್ಲಿ ಅವನಿಗೆ ಇದೇ ಬಾಯಿ ಎಂದಿದ್ದಳು ನಾಜಿಶ್.

ಅಷ್ಟರಲ್ಲಿ ಭಗವಂತರಾಯ ಹೋಗಿಬಿಟ್ಟ.

ಕೆಲಸದ ಜಾಗದಲ್ಲಿ ಊಟ ಮಾಡಿ ಕೈ ತೊಳೆಯಲು ಎದ್ದವನು ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಗಟ್ಟಿಮುಟ್ಟಾದ ಗಂಡಸು, ಒಂದು ದಿನ ತಲೆನೋವು ಅಂದವನಲ್ಲ. ಜಟ್ಟೆಮ್ಮನ ಬಾಯಿ ಅವತ್ತು ಕಟ್ಟಿತು. ಹೆಣ ಊರಿಗೆ ಹೋಗಬೇಕು, ರಾತ್ರಿಯಿಡೀ ಆಂಬುಲೆನ್ಸಿನಲ್ಲಿ, ಅಪ್ಪನ ಹೆಣದ ಪಕ್ಕದಲ್ಲಿ ಆ ಹುಡುಗನನ್ನು ಹೇಗೆ ಕೂರಿಸುವುದು? ಮನೆಯ ಮಾಲಕಿ ಸುಭದ್ರಮ್ಮ, ಒಳ್ಳೆಯ ಮುದುಕಿ, "ನನ್ ಹತ್ರ ಬಿಟ್ಟೋಗಮ್ಮ, ಅದಕ್ಕೇನ್ ಗೊತ್ತಾಗುತ್ತೆ ಪಾಪ" ಎಂದು ಬಸುವನ್ನು ತಮ್ಮ ಮನೆಗೆ ಎತ್ತಿಸಿಕೊಂಡರು. ಮಗನಿಗೆ ಎಲ್ಲ ಗೊತ್ತಾಗುತ್ತದೆ ಎಂದು ಊರೆಲ್ಲ ಜಗಳ ಕಾಯುತ್ತಿದ್ದವಳು ಅವತ್ತು ಆ ಮಾತಿಗೆ ಎದುರಾಡಲಿಲ್ಲ. ಗೊತ್ತಾಗದಿದ್ದರೇ ಒಳ್ಳೆಯದು ಎಂದು ಮೊದಲ ಸಲ ಅವಳಿಗೇ ಅನ್ನಿಸಿತ್ತು.

ಮಣ್ಣು ಮಾಡಿ, ಮೂರನೆಯ ದಿನದ ಕಾರ್ಯ ಮುಗಿಸಿ, ಇಲ್ಲೇ ಇದ್ದುಬಿಡು ಎಂದ ಅತ್ತೆಯ ಮಾತು ಕೇಳದೆ ವಾಪಸು ಬಂದಳು. ಬರಿಹಣೆ, ಬರಿಗೈ. ಬಸು ಅವಳ ಮುಖವನ್ನು ನೋಡಿದ, ಕೈಗಳನ್ನು ನೋಡಿದ. ಎಡಗೈ ಎದ್ದಿತು. ಅಪ್ಪ, ಎಲ್ಲಿ.

"ಅಪ್ಪ ಊರಿಗಿ ಹೋಗ್ಯಾನಪ್ಪ" ಎಂದಳು ಜಟ್ಟೆಮ್ಮ. "ಬರ್ತಾನ."

ಸಂಜೆ ಟೆಂಪೋ ಸದ್ದಾದಾಗ ಮತ್ತೆ. ಅಪ್ಪ, ಬಾ. ಮರುದಿನ ಬೆಳಗ್ಗೆ ಎದ್ದ ಕೂಡಲೇ. ಊಟದ ನಡುವೆ. ರೊಟ್ಟಿ ಬಡಿಯುವಾಗ. ಅಪ್ಪ, ಎಲ್ಲಿ, ಅಪ್ಪ, ಎಲ್ಲಿ. ಬಾಯಲ್ಲಿ ಕೇಳುವ ಮಗುವಾಗಿದ್ದರೆ ಎತ್ತಿ ಬೇರೆ ಕಡೆ ಕೂರಿಸಿ ಕಿವಿ ಮುಚ್ಚಿಕೊಳ್ಳಬಹುದಿತ್ತು. ಇದು ಹಾಗಲ್ಲ. ಆ ಕೈ ನಡುಗುತ್ತ ಮೇಲೇಳುವುದನ್ನು, ಅಲೆಯುವುದನ್ನು, ಕೊನೆಗೆ ನಗುತ್ತಿರುವ ಗಂಡನ ಮುಖದ ಮೇಲೆ ಹೋಗಿ ಕೂರುವುದನ್ನು ನೋಡುತ್ತ ಕೂರಬೇಕು.

ಸುಭದ್ರಮ್ಮ ಒಂದು ದಿನ ಬಂದವರು ಹಲಗೆ ನೋಡಿ ತುಟಿ ಕಚ್ಚಿಕೊಂಡರು. "ಏನ್ ಜಟ್ಟೆಮ್ಮ ಇದು? ಹೋದೋರ ಫೋಟೋನ ಬದುಕಿರೋರ ಜೊತೆ ಇಟ್ಕೊಂಡಿದ್ದೀಯಲ್ಲ! ನಿನ್ ಫೋಟೋ ಪಕ್ಕಾನೇ ಇದೆ. ಒಳ್ಳೇದಲ್ಲ ಕಣಮ್ಮ. ಗೋಡೆ ಮೇಲೆ ಬೇರೆ ಹಾಕಿ ಹೂವ ಇಡು. ಮಗೂನೂ ಮರ್ಯುತ್ತೆ."

ಅವರ ಕಡೆ ಆ ನಂಬಿಕೆ ಇದೆ, ಜಟ್ಟೆಮ್ಮನ ಕಡೆಯೂ ಇದೆ. ಸತ್ತವರ ಚಿತ್ರ ಸತ್ತವರ ಗೋಡೆಗೆ. ಆದರೆ ನಿಜ ಹೇಳಬೇಕೆಂದರೆ ಜಟ್ಟೆಮ್ಮ ಫೋಟೋ ಕಿತ್ತದ್ದು ಶಾಸ್ತ್ರಕ್ಕೆ ಹೆದರಿ ಅಲ್ಲ. ಆ ಪ್ರಶ್ನೆ ನಿಲ್ಲಲಿ ಎಂದು. ಬಸು ಮಲಗಿದ್ದಾಗ ಚರ್ರೆಂದು ಕಿತ್ತು, ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟಳು. ಹಲಗೆಯ ಮೂಲೆಯಲ್ಲಿ ಕರಿಯ ಪಟ್ಟಿಯಷ್ಟೇ ಉಳಿಯಿತು.

ಮರುದಿನ ಬಸು ಆ ಬರೀ ಪಟ್ಟಿಯನ್ನು ಒತ್ತಿದ. ಅವ್ವನ ಮುಖ ನೋಡಿದ. ಮತ್ತೆ ಒತ್ತಿದ. ಜಟ್ಟೆಮ್ಮ, "ಅಲ್ಲೇನೂ ಇಲ್ಲಪ್ಪ" ಎಂದು ಅವನ ಕೈಯನ್ನು ಮೆಲ್ಲಗೆ ರೊಟ್ಟಿಯ ಕಡೆ ಸರಿಸಿದಳು. ಕೈ ಹಿಡಿದು ಎಳೆಯಬೇಡಿ ಎಂದು ನಾಜಿಶ್ ಹೇಳಿದ್ದಳು. ಆದರೂ ಸರಿಸಿದಳು. ದಿನ ಕಳೆದಂತೆ ಒತ್ತುವುದು ಹೊಡೆಯುವುದಾಯಿತು. ಮುಷ್ಟಿ ಕಟ್ಟಿ ಆ ಮೂಲೆಗೆ ಗುದ್ದುತ್ತಿದ್ದ, ಒರಟು ಪಟ್ಟಿಗೆ ತಿಕ್ಕಿ ತಿಕ್ಕಿ ಗೆಣ್ಣು ಕೆಂಪಾಗಿತ್ತು. ಊಟ ಬಿಟ್ಟ. ಸಂಜೆ ಟೆಂಪೋ ಸದ್ದಿಗೆ ಕಿರುಚಾಡುತ್ತಿದ್ದ. ಹಟ ಜಾಸ್ತಿಯಾಗಿದೆ, ದೃಷ್ಟಿ ಆಗಿದೆ ಎಂದು ಸುಭದ್ರಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅವನ ಕಣ್ಣು ಹೊರಳಿದರೆ ಸಾಕು ತಿಳಿಯುತ್ತದೆ ಎನ್ನುತ್ತಿದ್ದ ಜಟ್ಟೆಮ್ಮ ಮಾತ್ರ ಆ ಕಣ್ಣುಗಳ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಕೇಂದ್ರಕ್ಕೆ ಹೋಗುವುದೂ ತಪ್ಪಿತು. ಹೊತ್ತುಕೊಂಡು ಹೋಗುವ ಹೆಗಲೇ ಇರಲಿಲ್ಲವಲ್ಲ.

ಕೊನೆಗೆ ಅವನ ಗೆಣ್ಣಿನಲ್ಲಿ ರಕ್ತ ಕಂಡ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸುವನ್ನು ಕಂಕುಳಿಗೆ ಏರಿಸಿಕೊಂಡು ಬಸ್ಸು ಹತ್ತಿದಳು. ಎಂಟು ವರ್ಷದ ಹುಡುಗ, ಉದ್ದ ಕಾಲು. ಶಿವಾಜಿನಗರದಲ್ಲಿ ಇಳಿಯುವಾಗ ಅವಳ ಸೊಂಟ ಬಿದ್ದು ಹೋಗಿತ್ತು.

ನಾಜಿಶ್‌ಗೆ ಏನೂ ಗೊತ್ತಿರಲಿಲ್ಲ. ಒಳಗೆ ಇನ್ನೊಂದು ಮಗುವಿನ ಜೊತೆ ಇದ್ದವಳು, ಇವರನ್ನು ಕಂಡ ಖುಷಿಗೆ ಎದ್ದು ಬಂದು, ಬಸುವನ್ನು ಅವನ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದು, ಮುಂದೆ ಟ್ಯಾಬ್ ನಿಲ್ಲಿಸಿದಳು. "ಎಷ್ಟು ದಿನ ಆಯ್ತು ಮಗಾ ನಿನ್ನ ನೋಡಿ! ಹೇಳು ಏನ್ ಸಮಾಚಾರ?"

ಬಸುವಿನ ಎಡಗೈ ಆಗಲೇ ಎದ್ದಿತ್ತು. ಇವತ್ತು ಅದು ಅಲೆಯಲಿಲ್ಲ. ನೆಟ್ಟಗೆ ಮೂಲೆಗೆ ಹೋಯಿತು.

"ಅಪ್ಪ" ಎಂದಿತು ಟ್ಯಾಬ್, ಆ ಸುದ್ದಿ ಓದುವ ದನಿಯಲ್ಲಿ.

ಬಸು ಬೆಚ್ಚಿದ. ಬಾಯಿ ತೆರೆದು ಆ ಗಾಜಿನೊಳಗಿನ ಮುಖ ನೋಡಿದ. ಆಮೇಲೆ ಕೈ ಇನ್ನೊಂದು ಕಡೆ ಹೋಯಿತು.

"ಎಲ್ಲಿ."

"ಅಪ್ಪ. ಎಲ್ಲಿ. ಅಪ್ಪ. ಅಪ್ಪ. ಎಲ್ಲಿ."

"ಹೌದಲ್ಲ, ಎಲ್ಲಿ ಅಕ್ಕ ಅವರು? ಕೆಲಸದಲ್ಲಿ..." ಎನ್ನುತ್ತ ನಗುಮುಖದಲ್ಲಿ ತಿರುಗಿದ ನಾಜಿಶ್ ಜಟ್ಟೆಮ್ಮನ ಬರಿಹಣೆ ಕಂಡು ಅಲ್ಲೇ ನಿಂತಳು. ಟ್ಯಾಬ್ ಮಾತ್ರ ನಿಲ್ಲಲಿಲ್ಲ. ಜಟ್ಟೆಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕೂತಳು. ಅಯ್ಯೋ, ಇಷ್ಟು ದಿನ ಇವನು ಗುದ್ದಿದ್ದು ಹಟಕ್ಕಲ್ಲ. ಕೇಳಿದ್ದು. ಬಾಯಿ ಕಿತ್ತಿಟ್ಟರೂ ಬಾಯಿ ಇದ್ದ ಜಾಗದಲ್ಲೇ ಕೇಳಿದ್ದು. ಅವಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲೋ ಒಂದು ಕಡೆ ಗೊತ್ತೇ ಇತ್ತು.

ಅಳು ಹಿಡಿತಕ್ಕೆ ಬಂದ ಮೇಲೆ ಎಲ್ಲವನ್ನೂ ಹೇಳಿದಳು. ಫೋಟೋ ಕಿತ್ತದ್ದನ್ನೂ ಮುಚ್ಚಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದಳು, ನಾಜಿಶ್ ಬೈಯಲಿಲ್ಲ. ಅವಳ ಪಕ್ಕ ನೆಲದ ಮೇಲೇ ಕೂತಳು.

"ಕತ್ತಲಲ್ಲೂ ನಿಮ್ ಮನೆ ಲೈಟಿನ ಸ್ವಿಚ್ಚು ಕೈಗೆ ಸಿಗುತ್ತಲ್ಲ ಅಕ್ಕ? ಅವನ ಕೈಗೆ ಅಪ್ಪ ಹಂಗೇ. ನಾವು ಚಿತ್ರ ತೆಗೆದ್ರೂ ಅವನ ಕೈ ಮರ್ಯಲ್ಲ" ಎಂದಳು. "ನಮಗೆ ಕೇಳೋಕಾಗಲ್ಲ ಅಂತ ಅವನ ಮಾತು ಕಿತ್ಕೊಳ್ಳೋ ಹಂಗಿಲ್ಲ. ಆದ್ರೆ ನನ್ನದೂ ತಪ್ಪಿದೆ. ಸತ್ತುಹೋದ್ರು ಅನ್ನೋ ಚಿತ್ರ ನಾನು ಹಾಕೇ ಇರ್ಲಿಲ್ಲ. ದುಃಖಾನೂ ಹಾಕಿಲ್ಲ. ಮಕ್ಕಳಿಗೆ ಯಾಕೆ ಅಂದ್ಕೊಂಡಿದ್ದೆ" ಎಂದಳು.

"ಹೇಳ್ಬೇಕೇನ್ರಿ ಅವನಿಗಿ?"

"ಹೇಳ್ಬೇಕು. ಊರಿಗೆ ಹೋದ್ರು ಅಂದ್ರೆ ಕಾಯ್ತಾನೇ ಇರ್ತಾನೆ. ಮಲಗಿದ್ದಾರೆ ಅಂದ್ರೆ ಮಲಗೋಕೇ ಹೆದರ್ತಾನೆ. ಸತ್ತುಹೋದ್ರು, ಮತ್ತೆ ಬರಲ್ಲ. ಅಷ್ಟೇ. ಹಲಗೆ ಮುಟ್ತಾನೇ ಹೇಳಿ. ಮತ್ತೆ ಕೇಳ್ತಾನೆ, ಮತ್ತೆ ಹೇಳಿ. ಎಷ್ಟು ಸಲ ಕೇಳಿದ್ರೂ."

"ನನ್ನ ಕೈಲಿ ಆಗಂಗಿಲ್ರೀ."

ನಾಜಿಶ್ ಕಣ್ಣಲ್ಲೂ ನೀರಿತ್ತು. ಎದ್ದು ಹೋಗಿ ಎರಡು ಹೊಸ ಚಿತ್ರ ಮಾಡಿಕೊಟ್ಟಳು.

ಮನೆಗೆ ಬಂದು ಜಟ್ಟೆಮ್ಮ ಟ್ರಂಕು ತೆಗೆದಳು. ಫೋಟೋ ತಂದು ಬಸುವಿನ ಕಣ್ಣೆದುರೇ ಮೊದಲಿನ ಜಾಗಕ್ಕೆ ಅಂಟಿಸಿದಳು. ಬಸು ಹಲಗೆಗೆ ಮುಖ ಒತ್ತಿ ಏನೋ ಸದ್ದು ಮಾಡಿದ. ಸುಭದ್ರಮ್ಮ ಬಾಗಿಲಲ್ಲೇ ನಿಂತು, "ಬೇಡ ಅಂದಿದ್ನಲ್ಲಮ್ಮ" ಎಂದರು. "ಇದು ಫೋಟೋ ಅಲ್ಲಬೇ ಯವ್ವ, ಇದು ಅವನ ಮಾತು" ಎಂದಳು ಜಟ್ಟೆಮ್ಮ. ಎಷ್ಟೋ ದಿನಗಳ ಮೇಲೆ ಅವಳ ಗಂಟಲಿನಲ್ಲಿ ಹಳೆಯ ಖಾರ ಕೇಳಿ ಮುದುಕಿ ತಮ್ಮ ಮನೆಗೆ ನಡೆದರು.

ಬಸು ಕೇಳಿದ. ಅಪ್ಪ, ಎಲ್ಲಿ.

ಜಟ್ಟೆಮ್ಮ ಅವನ ಎದುರು ಕೂತಳು, ಗಂಡ ಕೂರುತ್ತಿದ್ದ ಹಾಗೆ. "ಅಪ್ಪ" ಎಂದು ಮುಟ್ಟಿದಳು. "ಸತ್ತುಹೋದ" ಎಂದು ಹೊಸ ಚಿತ್ರ ಮುಟ್ಟಿದಳು. ಆ ಮಾತನ್ನು ಅವಳ ಬಾಯಿ ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಹೋದ್ರು, ತೀರ್ಕೊಂಡ್ರು, ನಮ್ಮವ್ರು ಇಲ್ಲ ಎಂದೆಲ್ಲ ಅಂದಿದ್ದಳು, ಇದನ್ನು ಅಂದಿರಲಿಲ್ಲ. "ಅಪ್ಪಂದು ಎದಿ ನಿಂತು ಹೋಯ್ತು. ಇನ್ನ ಬರಂಗಿಲ್ಲ. ಅಪ್ಪ, ಇಲ್ಲ." ಆಮೇಲೆ ಸುಮ್ಮನಾದಳು. ಕಾದಳು.

ಬಸು ಅಳಲಿಲ್ಲ. ಬಾಗಿಲ ಕಡೆ ನೋಡಿದ. ಅಪ್ಪ, ಬಾ, ಎಂದ.

ಇದಕ್ಕಿಂತ ಅವನು ಕಿರುಚಿದ್ದರೆ ಚೆನ್ನಾಗಿತ್ತು. ಜಟ್ಟೆಮ್ಮ ಮತ್ತೆ ಹೇಳಿದಳು. ಮರುದಿನ ಮತ್ತೆ. ಟೆಂಪೋ ಬರುವ ಹೊತ್ತಿಗೆ ಅವನು ಕೇಳುವುದು, ಅವಳು ಹಿಟ್ಟಿನ ಕೈಯಲ್ಲೇ ಮೂರು ಚಿತ್ರ ಮುಟ್ಟುವುದು. ಹೇಳಿದ ಪ್ರತಿಸಲವೂ ಗಂಡ ಮತ್ತೊಮ್ಮೆ ಸತ್ತ ಹಾಗಾಗುತ್ತಿತ್ತು. ಹಿಟ್ಟು ಮೆತ್ತಿದ ಭಗವಂತರಾಯನ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಲಗುತ್ತಿದ್ದಳು. ಗುದ್ದುವುದು ನಿಂತಿತು. ಬಸು ಊಟ ಮಾಡತೊಡಗಿದ. ಒಂದು ದಿನ ಅವಳು ಹೇಳಿ ಮುಗಿಸಿದ ಮೇಲೆ ಅವನ ಕೈ ಅಲೆದಾಡಿ ಇನ್ನೊಂದು ಹೊಸ ಚಿತ್ರದ ಮೇಲೆ ಕೂತಿತು. ದುಃಖ. "ಹೌದು ಮಗನ, ನಿನಗೂ ದುಃಖ ಆಗ್ಯಾದ, ನನಗೂ ಆಗ್ಯಾದ" ಎಂದಳು. ಅವನು ಅವತ್ತು ಅತ್ತ. ದನಿ ತೆಗೆದು, ಅಪ್ಪ ಸತ್ತ ಮಕ್ಕಳು ಅಳುವ ಹಾಗೇ ಅತ್ತ.

ಮಳೆ ಹಿಡಿದ ಒಂದು ಸಂಜೆ, ಗಲ್ಲಿಯ ಬಾಯಲ್ಲಿ ಟೆಂಪೋ ಬಂದು ನಿಂತಿತು. ಗಂಡಸರು ಮಾತಾಡುತ್ತ ಇಳಿದರು. ಜಟ್ಟೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಉತ್ತರ ಸಿದ್ಧ ಮಾಡಿಕೊಂಡು ಕೂತಳು. ಬಸು ಕೇಳಲಿಲ್ಲ. ಬಾಗಿಲ ಕಡೆ ಕತ್ತೂ ತಿರುಗಿಸಲಿಲ್ಲ. ಒಲೆಯ ಉರಿಯನ್ನೇ ನೋಡುತ್ತಿದ್ದ. ಟೆಂಪೋ ಹೋಯಿತು, ಹೆಜ್ಜೆಗಳು ಒಂದೊಂದೇ ಮನೆಯೊಳಗೆ ಹೋಗಿ ನಿಂತವು. ಅವನು ಕೇಳಲೇ ಇಲ್ಲ.

ನಿಲ್ಲಲಿ ಎಂದು ಅವಳು ಬಯಸಿದ್ದ ಪ್ರಶ್ನೆ ನಿಂತಿತ್ತು. ಜಟ್ಟೆಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ಈ ಊರಿನಲ್ಲಿ ದಿನಾ ಸಂಜೆ ಗಂಡನನ್ನು ಕರೆಯುತ್ತಿದ್ದುದು ಈ ಒಂದು ಕೈ ಮಾತ್ರ. ಇದೂ ಕರೆಯುವುದು ಬಿಟ್ಟರೆ ಭಗವಂತರಾಯ ನಿಜವಾಗಿಯೂ ಹೋದ ಹಾಗೆ. ತಾನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಅವಳ ಹಿಟ್ಟಿನ ಬೆರಳು ಹಲಗೆಯ ಮೂಲೆಗೆ ಹೋಗಿತ್ತು.

"ಅಪ್ಪ" ಎಂದು ಮುಟ್ಟಿದಳು. "ಬೇಕು" ಎಂದು ಮುಟ್ಟಿದಳು. ಮಗನಿಗೆ ಮಾತು ಕಲಿಸಲಿಕ್ಕಲ್ಲ. ಅವಳಿಗೆ ಬೇಕಿತ್ತು.

ಬಸು ಅವಳ ಮುಖ ನೋಡಿದ. ತುಂಬಾ ಹೊತ್ತು ನೋಡಿದ. ಎಡಗೈ ಎದ್ದಿತು. ಅಪ್ಪ. ಜಟ್ಟೆಮ್ಮ ತುಟಿ ಬಿಗಿ ಹಿಡಿದು ಕಾದಳು. ಕೈ ಅಲೆದಾಡಿತು, ಜಾರಿತು, ಮತ್ತೆ ಎದ್ದಿತು. ಇಲ್ಲ.

ಆಮೇಲೂ ಕೈ ಕೆಳಗಿಳಿಯಲಿಲ್ಲ. ಅವಳು ಇನ್ನೂ ಕಾದಳು. ಹೊರಗೆ ಶೀಟಿನ ಮೇಲೆ ಮಳೆ ಜೋರಾಯಿತು. ಅವನ ಬೆರಳು ಅಪ್ಪನ ಪಕ್ಕದ ಚಿತ್ರದ ಮೇಲೆ ಕೂತಿತು, ಅಲ್ಲಿಂದ ಇನ್ನೊಂದಕ್ಕೆ.

ಅವ್ವ. ಬಾ.

ಜಟ್ಟೆಮ್ಮ ಪರಾತ ಪಕ್ಕಕ್ಕೆ ಸರಿಸಿ ಮಗನ ಹತ್ತಿರ ಹೋದಳು. ಅವನ ಸಣ್ಣ ಎದೆಗೆ ತಲೆ ಇಟ್ಟು ಅತ್ತಳು, ಬಾಯಿ ಬಿಟ್ಟು, ಗಲ್ಲಿಗೆಲ್ಲ ಕೇಳುವಂತೆ. ಬಸುವಿನ ಕೈ ಅವಳ ಬೆನ್ನಿನ ಮೇಲೆ ಬಿದ್ದಿತ್ತು.